ಬೋರ್ಡ್ ಓದಿ ಹತ್ತು, ಮಾರಾಯ್ತಿ

ಸಂಪಾದಕರೇ, ಡಿಗ್ರಿ ಓದುವಾಗ ಒಬ್ಬ ಗೆಳತಿಯ ಅಕ್ಕನ ಮದುವೆಗೆಂದು ಕುಮಟಾದಿಂದ ಶಿರಸಿಗೆ ಹೊರಟಿದ್ದೆವು. ನನ್ನ ಆಪ್ತ ಗೆಳತಿ ಹಿಂದಿನಿಂದ ಒಬ್ಬಳೇ ಬಂದವಳು ಬೋರ್ಡ್ ನೋಡದೆ ಸಿದ್ದಾಪುರದ ಬಸ್ಸು ಹತ್ತಿ, ನಿದ್ದೆ ಹೊಡೆದು, ಕೊನೆಯ ಪಂಕ್ತಿ ಎದ್ದ ಮೇಲೆ ಮದುವೆಮನೆ ಮುಟ್ಟಿದಳು. ಅಂದಿನಿಂದ ನಮ್ಮ ಗುಂಪಿನಲ್ಲಿ ಯಾರು ತಡ ಮಾಡಿದರೂ "ಸಿದ್ದಾಪುರದಲ್ಲಿದ್ದೀಯಾ?" ಅಂತಲೇ ಕೇಳುವುದು. ಈಗ ಅವಳಿಗೆ ಮೂವತ್ತು ತುಂಬುತ್ತದೆ. ಕಾರವಾರದಲ್ಲಿ ಕೆಲಸ. ಇನ್‌ಸ್ಟಾಗ್ರಾಂನಲ್ಲಿ ಅವಳ ಫೋಟೋ ಹಾಕಿ ಕಾಲೆಳೆಯಬೇಕು. ನಾನು ಬರೆದದ್ದು ಇದು, ಓದಿದರೆ ನನಗೇ ನಗು ಬರುತ್ತಿಲ್ಲ: "ನನ್ನ ಪ್ರೀತಿಯ ಗೆಳತಿಗೆ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು. ಅಂದು ಶಿರಸಿಗೆ ಹೋಗುವ ಬದಲು ಸಿದ್ದಾಪುರದ ಬಸ್ಸು ಹತ್ತಿ ಬಸ್ಸು ತಪ್ಪಿಸಿಕೊಂಡು ನಮ್ಮನ್ನೆಲ್ಲ ನಗಿಸಿದವಳು ನೀನು. ಸದಾ ಹೀಗೇ ನಗುತ್ತಿರು." ತಿದ್ದಿಕೊಡಿ.
— ಓದುಗಿ, ಕುಮಟಾ

ನಿಮ್ಮ ಸರಕು ಚೆನ್ನಾಗಿದೆ, ಕಟ್ಟಿದ ಕ್ರಮ ತಪ್ಪಿದೆ. ಹಳೆಯ ತಮಾಷೆಯನ್ನು ನೀವು ವರದಿಯ ಹಾಗೆ ಹೇಳಿದ್ದೀರಿ. ಕಥೆ ಗೊತ್ತಿದ್ದವರಿಗೆ ಅದರಲ್ಲಿ ಹೊಸದೇನೂ ಇಲ್ಲ. ಗೊತ್ತಿಲ್ಲದವರಿಗೆ ಯಾರೋ ಯಾವುದೋ ಬಸ್ಸು ಹತ್ತಿದರು ಎಂಬ ಸುದ್ದಿ ಮಾತ್ರ ಸಿಗುತ್ತದೆ. ನಗುವುದಕ್ಕೆ ಇಬ್ಬರಿಗೂ ಜಾಗ ಉಳಿದಿಲ್ಲ. "ನಮ್ಮನ್ನೆಲ್ಲ ನಗಿಸಿದವಳು" ಎಂದು ನೀವೇ ನಕ್ಕು ಮುಗಿಸಿಯೂ ಬಿಟ್ಟಿದ್ದೀರಿ.

ನಿಮ್ಮ ಗುಂಪು ಇಷ್ಟು ವರ್ಷ ಈ ತಮಾಷೆಯನ್ನು ಹೇಗೆ ಬಳಸಿಕೊಂಡು ಬಂದಿದೆ ನೋಡಿ. ಯಾರೂ ಮದುವೆಯ ಕಥೆ ತೆಗೆಯುವುದಿಲ್ಲ. ತಡವಾದವರ ಮೇಲೆ "ಸಿದ್ದಾಪುರದಲ್ಲಿದ್ದೀಯಾ?" ಎಂದು ಒಂದು ಮಾತು ಎಸೆಯುತ್ತೀರಿ, ಅಷ್ಟೇ. ಪ್ರತಿಸಲವೂ ಹಳೆಯ ಮಾತು ಹೊಸ ಸಂದರ್ಭಕ್ಕೆ ತಗಲುತ್ತದೆ, ಅದಕ್ಕೇ ಸವೆದಿಲ್ಲ. ಹುಟ್ಟುಹಬ್ಬದ ಸಾಲಿಗೂ ಅದೇ ಕೆಲಸ ಮಾಡಿಸಬೇಕು. ಇವತ್ತಿನ ಹೊಸ ಸಂದರ್ಭ ಮೂವತ್ತು. ಆದ್ದರಿಂದ ಮದುವೆ, ನಿದ್ದೆ, ಪಂಕ್ತಿ, ಶಿರಸಿ ಎಲ್ಲ ಬಿಟ್ಟುಬಿಡಿ. ಬಸ್ಸು, ಬೋರ್ಡು, ಸಿದ್ದಾಪುರ ಈ ಮೂರನ್ನು ಕೈಯಲ್ಲಿಟ್ಟುಕೊಂಡು ಅವನ್ನು ಮೂವತ್ತಕ್ಕೆ ಹೇಗೆ ಕಟ್ಟುವುದು ಎಂದು ಯೋಚಿಸಿ.

ಮೊದಲಿಗೆ ಎಲ್ಲರಿಗೂ ಹೊಳೆಯುವುದು ಹೀಗೆ: "ಮೂವತ್ತು ಬಂತು, ನೀನಿನ್ನೂ ಸಿದ್ದಾಪುರದಲ್ಲೇ." ಕಿವಿಗೆ ಚೆನ್ನಾಗಿಯೇ ಇದೆ, ಆದರೆ ಇದನ್ನು ಹಾಕಬೇಡಿ. ಮೂವತ್ತು ತುಂಬಿದ ಹುಡುಗಿಗೆ "ನೀನಿನ್ನೂ ಹಿಂದೆಯೇ ಉಳಿದಿದ್ದೀಯ" ಎಂದರೆ ನಮ್ಮ ಕಡೆಯ ಅತ್ತೆ, ಚಿಕ್ಕಮ್ಮಂದಿರಿಗೆ ಕೇಳಿಸುವುದು ಮದುವೆಯ ಮಾತು, ಇಲ್ಲವೇ ಮಗುವಿನ ಮಾತು. ನಿಮ್ಮ ಮೊದಲ ಬರಹದ "ಬಸ್ಸು ತಪ್ಪಿಸಿಕೊಂಡು" ಇನ್ನೂ ಅಪಾಯ. ನಿಜ ನೋಡಿದರೆ ಅವಳು ಬಸ್ಸು ತಪ್ಪಿಸಿಕೊಳ್ಳಲೇ ಇಲ್ಲ, ಬೋರ್ಡ್ ಓದದೆ ಬೇರೆ ಬಸ್ಸು ಹತ್ತಿದಳು. ತಮಾಷೆ ಇರುವುದು ಆ ಅಜಾಗ್ರತೆಯಲ್ಲಿ. ಓದದೆ ಹತ್ತುವ ಸ್ವಭಾವವನ್ನು ಕೆಣಕಿದರೆ ಅವಳೂ ಜೊತೆಗೆ ನಗುತ್ತಾಳೆ. ತಡವಾದದ್ದನ್ನು ಕೆಣಕಿದರೆ ಕಾರವಾರದ ಆಫೀಸಿನವರ ಮುಂದೆ "ಇವಳು ಯಾವಾಗಲೂ ಲೇಟು" ಎಂಬ ಹಣೆಪಟ್ಟಿಯೂ ಅಂಟಿಕೊಳ್ಳಬಹುದು. ಅಂದು ಅವಳಿಗೆ ತಪ್ಪಿದ್ದು ಮದುವೆ ಊಟವಲ್ಲದೆ ಪರೀಕ್ಷೆಯೋ ಇಂಟರ್‌ವ್ಯೂವೋ ಆಗಿದ್ದರೆ ಈ ವಿಷಯವನ್ನೇ ಮುಟ್ಟಬೇಡಿ ಎನ್ನುತ್ತಿದ್ದೆ.

ಹಾಗಾದರೆ ಕಟ್ಟುವುದು ಬೋರ್ಡಿನ ಸುತ್ತ. "ಮೂವತ್ತರ ಬಸ್ಸು ಬಂತು. ಬೋರ್ಡ್ ಓದ್ಕಂಡು ಹತ್ತು ಮಾರಾಯ್ತಿ, ಸಿದ್ದಾಪುರಕ್ಕಲ್ಲ." ಇಲ್ಲಿ ವಯಸ್ಸು ತಾನಾಗಿ ಬಂದು ನಿಂತ ಬಸ್ಸಾಯಿತು, ಅವಳು ಹಳೆಯ ಅವಳೇ ಆದಳು. ಹೊರಗಿನವರಿಗೂ "ಮೂವತ್ತರ ಬಸ್ಸು" ಅರ್ಥವಾಗುತ್ತದೆ. ಸಿದ್ದಾಪುರ ಯಾಕೆ ಬಂತು ಎಂಬ ಕುತೂಹಲ ಮಾತ್ರ ಉಳಿಯುತ್ತದೆ, ಅದು ಉಳಿಯಲಿ. "ಓದಿಕೊಂಡು" ಎಂದು ತಿದ್ದಲು ಹೋಗಬೇಡಿ. ನೀವು ಅವಳಿಗೆ ಬಾಯಲ್ಲಿ ಹೇಗೆ ಹೇಳುತ್ತೀರೋ ಹಾಗೇ ಬರೆಯಿರಿ. ಮನೆಯಲ್ಲಿ ಹವ್ಯಕ ಕನ್ನಡವೋ ಕೊಂಕಣಿಯೋ ಆಡುವವರಾದರೆ ಆ ಸಾಲು ಅದರಲ್ಲೇ ಬರಲಿ. "ಹಾರ್ದಿಕ ಶುಭಾಶಯಗಳು" ಬ್ಯಾನರಿಗೆ ಸರಿ, ಇಲ್ಲಿ ಅದರ ಪಕ್ಕ "ಮಾರಾಯ್ತಿ" ಕೂರುವುದಿಲ್ಲ.

ಪ್ರೀತಿಯ ಮಾತು ಎಲ್ಲಿ ಹಾಕಲಿ ಎಂದು ಕೇಳುತ್ತೀರಿ. "ಸದಾ ನಗುತ್ತಿರು" ಎಂದು ಧ್ವನಿ ಬದಲಿಸಿದರೆ ಮೇಲಿನ ಸಾಲು ಕುಸಿಯುತ್ತದೆ. ಅಕ್ಕರೆಯನ್ನೂ ಬಸ್ಸಿನೊಳಗೇ ಕೂರಿಸಿ. ಘಟ್ಟ ಹತ್ತುವವರಿಗೆ ಮನೆಯಲ್ಲಿ ಹೇಳಿ ಕಳಿಸುವ ಮಾತೊಂದಿದೆಯಲ್ಲ, ಅದೇ ಸಾಕು:

ಮೂವತ್ತರ ಬಸ್ಸು ಬಂತು. ಬೋರ್ಡ್ ಓದ್ಕಂಡು ಹತ್ತು ಮಾರಾಯ್ತಿ, ಸಿದ್ದಾಪುರಕ್ಕಲ್ಲ.
ಇಳಿದ ಕೂಡಲೇ ಫೋನ್ ಮಾಡು.
ಹ್ಯಾಪಿ ಬರ್ತ್‌ಡೇ.

ಶುಭಾಶಯ ಕೊನೆಗೇ ಬರಲಿ. ಇನ್‌ಸ್ಟಾಗ್ರಾಂ ಫೋಟೋದ ಕೆಳಗೆ ಬರಹದ ಮೊದಲ ತುಣುಕನ್ನಷ್ಟೇ ತೋರಿಸಿ ಉಳಿದದ್ದನ್ನು ಮಡಚಿಡುತ್ತದೆ. ನಿಮ್ಮ ಮೊದಲ ಬರಹದಲ್ಲಿ ಆ ಜಾಗವನ್ನು ಶುಭಾಶಯವೇ ತಿಂದುಹಾಕಿತ್ತು, ತಮಾಷೆ ಮಡಿಕೆಯೊಳಗೆ ಹೋಗಿತ್ತು. ಕೊನೆಗೆ ನಗುವ ಇಮೋಜಿ ಬೇಡ, ಅದು "ಈಗ ನಗಿ" ಎಂದು ಬೆರಳು ತೋರಿಸಿದ ಹಾಗಾಗುತ್ತದೆ.

ಫೋಟೋ ಯಾವುದು ಎನ್ನುವುದರ ಮೇಲೆ ಒಂದು ಪದ ಬದಲಾಗುತ್ತದೆ. ಅವಳ ಸಾಮಾನ್ಯ ಫೋಟೋ ಇದ್ದರೆ ಮೇಲಿನದು ಸರಿ. ಕುಮಟಾ ಬಸ್ ಸ್ಟ್ಯಾಂಡಿಗೆ ಹೋಗಿ ಸಿದ್ದಾಪುರದ ಬೋರ್ಡಿರುವ ಬಸ್ಸಿನ ಫೋಟೋ ತೆಗೆದು ಅವಳ ಫೋಟೋದ ಹಿಂದೆ ಎರಡನೆಯದಾಗಿ ಜೋಡಿಸುವುದಾದರೆ ಬರಹದಿಂದ "ಸಿದ್ದಾಪುರಕ್ಕಲ್ಲ" ತೆಗೆಯಿರಿ. ಓದುವವರು ಬೆರಳಾಡಿಸಿ ಎರಡನೆಯ ಫೋಟೋಗೆ ಬಂದಾಗ ಅದು ತಾನೇ ಹೇಳುತ್ತದೆ. ಒಂದೇ ಮಾತನ್ನು ಚಿತ್ರವೂ ಬರಹವೂ ಹೇಳಿದರೆ ಎರಡೂ ಸಪ್ಪೆ. ನನಗಂತೂ ಈ ಎರಡನೆಯ ದಾರಿ ಹೆಚ್ಚು ಇಷ್ಟ. ಬಸ್ಸಿನಲ್ಲಿ ಬಾಯಿ ತೆರೆದು ಮಲಗಿದ ಅವಳ ಫೋಟೋ ನಿಮ್ಮಲ್ಲಿದ್ದರೆ ಅದು ಗುಂಪಿನ ವಾಟ್ಸಾಪಿನಲ್ಲೇ ಇರಲಿ.

ಹಾಕುವ ಮೊದಲು ಇಬ್ಬರಿಗೆ ತೋರಿಸಿ. ಗುಂಪಿನ ಒಬ್ಬಳು ಓದಿದ ಕ್ಷಣ ನಗಬೇಕು. ಯೋಚಿಸಿ ನಕ್ಕರೆ ಕೊಂಡಿ ಸಡಿಲವಾಗಿದೆ ಎಂದರ್ಥ, ಆಗ ಪದ ಕಡಿಮೆ ಮಾಡಿ. ಇನ್ನೊಬ್ಬರು ಕಥೆ ಗೊತ್ತಿಲ್ಲದವರಾಗಿರಲಿ. ಅವರು "ಸಿದ್ದಾಪುರದ್ದು ಏನು ಕಥೆ?" ಎಂದರೆ ನಿಮ್ಮ ಕೆಲಸ ಆಯಿತು. "ಪಾಪ, ಯಾಕೆ ಹಾಗಂದೆ?" ಎಂದರೆ ಹಾಕಬೇಡಿ. ಹಾಕಿದ ಮೇಲೆ ತಿದ್ದಬಹುದು, ನಿಜ. ಆದರೆ ಟ್ಯಾಗ್ ಮಾಡಿದ ತಕ್ಷಣ ಅವಳ ಫೋನಿಗೆ ಸುದ್ದಿ ಹೋಗಿರುತ್ತದೆ, ಅವಳು ಮೊದಲು ಓದುವುದು ತಿದ್ದುವ ಮುಂಚಿನ ಸಾಲೇ ಇರಬಹುದು.

ಅದನ್ನೇ ವಾಟ್ಸಾಪ್ ಸ್ಟೇಟಸ್ಸಿಗೂ ಹಾಕುವುದಾದರೆ, ಅದು 24 ಗಂಟೆಗೆ ಅಳಿಯುತ್ತದೆ ಎಂಬುದು ಗೊತ್ತಿರಲಿ. ಹಿಂದಿನ ರಾತ್ರಿ ಎಂಟಕ್ಕೇ ಹಾಕಿದರೆ ಹುಟ್ಟುಹಬ್ಬದ ರಾತ್ರಿ ಎಂಟಕ್ಕೆ ಮಾಯ. ಅವಳು ಆಫೀಸು ಮುಗಿಸಿ ಮನೆಗೆ ಬಂದು ಪುರುಸೊತ್ತಾಗಿ ನೋಡುವ ಹೊತ್ತಿಗೆ ಇರುವುದಿಲ್ಲ.

ಕಾಮೆಂಟಿನಲ್ಲಿ ಯಾರಾದರೂ ಕಥೆ ಕೇಳಿಯೇ ಕೇಳುತ್ತಾರೆ, ಸಿದ್ದಾಪುರದವರು ಜಗಳಕ್ಕೂ ಬರಬಹುದು. ನೀವು ಉತ್ತರಿಸಬೇಡಿ, ಅವಳಿಗೆ ಬಿಡಿ. ಹೇಳುವುದೋ ಬಿಡುವುದೋ, ಹೇಳಿದರೆ ನಿದ್ದೆಯ ಭಾಗ ಸೇರಿಸುವುದೋ ಅವಳ ಇಷ್ಟ. ಅವಳು "ಇಳ್ದೆ, ಶಿರಸಿ ಅಲ್ಲ ಇದು" ಎಂದು ಬರೆದರೆ ಅದಕ್ಕೊಂದು ಹೃದಯ ಒತ್ತಿ ಸುಮ್ಮನಿರಿ. ಬರೀ "ಥ್ಯಾಂಕ್ಸ್" ಎಂದು ಬಂದರೆ ಮಾತ್ರ ಕಾಮೆಂಟಿನಲ್ಲಿ ಕೆದಕದೆ ನೇರ ಫೋನ್ ಮಾಡಿ, ಬೇಸರವಾಯಿತಾ ಎಂದು ಕೇಳಿ, ಹೌದೆಂದರೆ ಅಲ್ಲೇ ತೆಗೆದುಬಿಡಿ.