ಮಳೆಗಾಲದ ಲಾಂಗ್ ರನ್: ತೊಡೆಗೆ ವ್ಯಾಸಲಿನ್ ಸರಿ, ಪಾದಕ್ಕೆ ಬೇಡ

"ಅಣ್ಣಾ, ಭಾನುವಾರ 20 ಕಿ.ಮೀ. ಓಡ್ತಿದ್ದೀನಿ. 12–13 ಆಗ್ತಿದ್ದಂಗೆ ತೊಡೆ ಸಂದಿ ಬೆಂಕಿ, ಎಡಗಾಲ ಹೆಬ್ಬೆರಳ ಬುಡದಾಗ ಬೊಬ್ಬೆ. ಎರಡೂ ಕಡೆ ವ್ಯಾಸಲಿನ್ ಹಚ್ಚಿದ್ರೂ ಅಷ್ಟೇ. ಚಳಿಗಾಲದಾಗ ಇದೇ ಶೂನಾಗ ಏನೂ ಆಗಿರಲಿಲ್ಲ. ಶೂ ಬದಲಿಸಬೇಕಾ?"

ತಮ್ಮಾ, ನಮ್ಮ ಓಟದ ಗುಂಪಿನಲ್ಲಿ ನೀನು ಕೇಳಿದ್ದನ್ನೂ ಅದಕ್ಕೆ ಉಳಿದವರು ಬರೆದಿದ್ದನ್ನೂ ಓದಿದೆ. ಶೂಗೆ ಈಗಲೇ ದುಡ್ಡು ಹಾಕಬೇಡ. ಮೊದಲು ಒಂದು ಸಲ ಕಾಲುಚೀಲ ಹಿಂಡಿ ನೋಡು.

ನಾನು ಹಿಂಡಿದ್ದು ಹೋದ ವರ್ಷ ಆಗಸ್ಟ್‌ನಲ್ಲಿ. ದಾವಣಗೆರೆಯ ಕುಂದವಾಡ ಕೆರೆಯಿಂದ ಬಾತಿ ಮೇಲೆ ಹರಿಹರದ ಕಡೆ ಹೋಗಿ ವಾಪಸ್ ಬರುತ್ತಿದ್ದೆ. ಮೋಡ ಇತ್ತು, ಒಂದು ಹನಿ ಮಳೆ ಇರಲಿಲ್ಲ. ಪಾದ ಸುಡೋಕೆ ಶುರುವಾಗಿ ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತು ಶೂ ಬಿಚ್ಚಿದೆ. ಕಾಟನ್ ಕಾಲುಚೀಲ ಹಿಂಡಿದರೆ ನೀರು ಮಣಿಕಟ್ಟಿನ ಮೇಲೆ ಹರಿಯಿತು. ಪಾದದ ಚರ್ಮ ಬಟ್ಟೆ ಒಗೆದ ಕೈ ಹಾಗೆ ಬೆಳ್ಳಗೆ ಸುಕ್ಕಾಗಿತ್ತು. ಹೊಂಡಕ್ಕೆ ಕಾಲಿಟ್ಟಿರಲಿಲ್ಲ, ಅಷ್ಟೂ ನನ್ನದೇ ಬೆವರು. ಬೆನ್ನಿಂದ ಚಡ್ಡಿಗೆ, ಚಡ್ಡಿಯಿಂದ ತೊಡೆಗೆ, ಮೀನಖಂಡದ ಮೇಲೆ ಇಳಿದು ಶೂ ಒಳಗೆ. ಜನವರಿಯಲ್ಲಿ ಗಾಳಿ ಒಣಗಿರುತ್ತೆ, ಬೆವರು ಬಂದ ಹಾಗೇ ಆರಿ ಹೋಗುತ್ತೆ. ಈಗ ಎರಡೂ ಕಡೆ ಗದ್ದೆಯಲ್ಲಿ ನೀರು ನಿಂತಿದೆ, ಮೋಡ ಕವಿದಿದೆ. ಬೆವರು ಆರಲ್ಲ, ಇಳಿಯುತ್ತೆ.

ಅಂದರೆ ತೊಡೆಗೂ ಪಾದಕ್ಕೂ ಕಾಟ ಕೊಡೋದು ಒಂದೇ ನೀರು. ಆದರೆ ಕೆಡಿಸೋ ರೀತಿ ಬೇರೆ ಬೇರೆ, ಅದಕ್ಕೇ ಮದ್ದೂ ಬೇರೆ. ನೀನು ಎಡವಿದ್ದು ಅಲ್ಲಿ ಅಂತ ನನ್ನ ಲೆಕ್ಕ.

ತೊಡೆಯಲ್ಲಿ ಆಗೋದು ಉಜ್ಜಾಟ. ಚರ್ಮಕ್ಕೆ ಚರ್ಮ ಇಲ್ಲವೇ ಒದ್ದೆ ಬಟ್ಟೆ ತಿಕ್ಕುತ್ತೆ, ನಡುವೆ ಬೆವರಿನ ಉಪ್ಪು ಸೇರಿ ಮೇಲ್ಪದರ ಕೆರೆದು ಹೋಗುತ್ತೆ. ಪಾದದ ಬೊಬ್ಬೆ ಮೇಲಿಂದ ಉಜ್ಜಿ ಆಗೋದಲ್ಲ. ಒದ್ದೆ ಚರ್ಮ ಕಾಲುಚೀಲಕ್ಕೆ ಅಂಟಿ ನಿಲ್ಲುತ್ತೆ, ಒಳಗಿನ ಮೂಳೆ ಮಾತ್ರ ಪ್ರತಿ ಹೆಜ್ಜೆಗೂ ಹಿಂದೆ ಮುಂದೆ ಸರಿಯುತ್ತೆ. ಆ ಎಳೆದಾಟಕ್ಕೆ ಚರ್ಮದ ಪದರಗಳ ನಡುವೆ ಬಿರುಕು ಬಿಟ್ಟು, ಆಮೇಲೆ ಅಲ್ಲಿ ನೀರು ತುಂಬುತ್ತೆ.

ವ್ಯಾಸಲಿನ್ ಹಚ್ಚಿದರೆ ಮೊದಮೊದಲು ಪಾದವೂ ಜಾರುತ್ತೆ, ಹಾಯ್ ಅನ್ನಿಸುತ್ತೆ. ಹೊತ್ತು ಹೋದ ಹಾಗೆ ಅದು ಕಾಲುಚೀಲಕ್ಕೂ ಚರ್ಮಕ್ಕೂ ಹೀರಿಕೊಂಡು, ಮೆತ್ತಗಾದ ಚರ್ಮ ಮೊದಲಿಗಿಂತ ಜಾಸ್ತಿ ಅಂಟುತ್ತೆ. ನಿನಗೆ 12–13ಕ್ಕೆ ಶುರುವಾಗುತ್ತಿದೆ, ಹೆಚ್ಚುಕಮ್ಮಿ ಒಂದೂಕಾಲು ಗಂಟೆ ಓಡಿದ ಮೇಲೆ. ಲೆಕ್ಕ ಸರಿಹೊಂದುತ್ತೆ.

ಹಾಗಾಗಿ ವ್ಯಾಸಲಿನ್ ತೊಡೆಗೆ ಮಾತ್ರ, ಅದೂ ಎರಡು ಸಲ. ಹೊರಡುವಾಗ ಎರಡೂ ತೊಡೆಗೆ ಸೇರಿ ನೆಲ್ಲಿಕಾಯಿ ಗಾತ್ರ. ಇನ್ನೊಂದು ಸ್ವಲ್ಪ ಪ್ಲಾಸ್ಟಿಕ್ ಕವರಿನ ತುಂಡಲ್ಲಿ ಗಂಟು ಕಟ್ಟಿ ಜೇಬಲ್ಲಿ ಇಟ್ಕೋ. 8–9 ಕಿ.ಮೀ.ಗೆ ನಿಂತು, ಮೊದಲು ಕರ್ಚೀಫಿನಿಂದ ಬೆವರು ಒರೆಸಿ, ಆಮೇಲೆ ಹಚ್ಚು. ಒರೆಸದೆ ಹಚ್ಚಿದರೆ ಉಪ್ಪು ಅದರೊಳಗೇ ಉಳಿದು ಮರಳುಕಾಗದ ತಿಕ್ಕಿದ ಹಾಗಾಗುತ್ತೆ. ಉರಿ ಶುರುವಾಗೋ ತನಕ ಕಾಯಬೇಡ. ಚಡ್ಡಿ ಒಳಗೆ ತೊಡೆ ಅರ್ಧಕ್ಕೆ ಬರೋ ಬಿಗಿ ಟೈಟ್ಸ್ ಹಾಕಿದರೆ ಇನ್ನೂ ಒಳ್ಳೆಯದು. ಕೊಳ್ಳುವಾಗ ಒಳತೊಡೆ ಮೇಲೆ ಹೊಲಿಗೆ ಬರುತ್ತಾ ಅಂತ ಬೆರಳಾಡಿಸಿ ನೋಡು.

ಗುಂಪಿನಲ್ಲಿ ಒಬ್ಬರು ತೊಡೆಗೆ ಪೌಡರ್ ಹಾಕು ಅಂದಿದ್ದಾರೆ. ಅರ್ಧ ಸರಿ. ಐದಾರು ಕಿ.ಮೀ. ವಾಕಿಂಗಿಗೆ ನಡೆಯುತ್ತೆ. ಎರಡು ಗಂಟೆ ಬೆವರಲ್ಲಿ ಅದು ಕಲಸಿದ ಹಿಟ್ಟಾಗಿ ಉಂಡೆ ಕಟ್ಟುತ್ತೆ, ಆ ಉಂಡೆಯೇ ತಿಕ್ಕುತ್ತೆ.

ಇನ್ನು ಪಾದ. ಮೆಡಿಕಲ್ ಶಾಪಲ್ಲಿ ಒಂದು ಇಂಚಿನ ಪೇಪರ್ ಟೇಪ್ ಕೇಳು, ಗಾಯದ ಬಟ್ಟೆಗೆ ಅಂಟಿಸೋ ಬಿಳಿ ಟೇಪ್. ಅಗ್ಗದ್ದೇ ಸಾಕು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಲ್ಟ್ರಾ ಓಟಗಾರರ ಪಾದಕ್ಕೆ ಇದನ್ನೇ ಹಚ್ಚಿ ನೋಡಿದಾಗ ಬೊಬ್ಬೆ ಸುಮಾರು 40 ಶೇಕಡ ಕಮ್ಮಿಯಾಗಿತ್ತು. ಪೂರ್ತಿ ನಿಲ್ಲಲಿಲ್ಲ ಅನ್ನೋದೂ ನೆನಪಿರಲಿ. ಎಣ್ಣೆ, ಕ್ರೀಮ್ ಏನೂ ಇಲ್ಲದ ಒಣ ಪಾದಕ್ಕೆ, ಓಡೋಕೆ ಅರ್ಧ ಗಂಟೆ ಮೊದಲೇ ಹಚ್ಚು. ಒಂದೇ ಪದರ ಸಾಕು. ಮೂಲೆಗಳನ್ನು ಕತ್ತರಿಯಲ್ಲಿ ದುಂಡಗೆ ಮಾಡು, ಚೂಪು ಮೂಲೆ ಬೇಗ ಎದ್ದು ಸುರುಳಿಯಾಗುತ್ತೆ. ಒಂದು ಸುಕ್ಕು ಉಳಿದರೂ ಬೊಬ್ಬೆ ಅಲ್ಲೇ ಏಳುತ್ತೆ, ಕಿತ್ತು ಹೊಸದು ಹಚ್ಚು.

ಕಾಟನ್ ಕಾಲುಚೀಲ ಬಿಡು, ತೆಳು ಪಾಲಿಯೆಸ್ಟರ್ ಇಲ್ಲವೇ ನೈಲಾನ್ ತಗೋ. ಅದೂ ಒದ್ದೆಯಾಗುತ್ತೆ, ಆದರೆ ನೀರು ಹಿಡಿದಿಟ್ಟುಕೊಳ್ಳೋದು ಕಮ್ಮಿ. ನನಗೆ ಎಲ್ಲಕ್ಕಿಂತ ಹೆಚ್ಚು ಗುಣ ಕೊಟ್ಟಿದ್ದು ನಡುವೆ ಕಾಲುಚೀಲ ಬದಲಿಸಿದ್ದು. ಒಂದೇ ಉದ್ದಕ್ಕೆ ಹೋಗಿ ಬರೋದು ಬಿಟ್ಟು ಹತ್ತು ಹತ್ತರ ಎರಡು ಸುತ್ತು ಮಾಡಿಕೊಂಡೆ. ಗಾಡಿ ಗ್ಲಾಸ್ ಹೌಸ್ ಹತ್ತಿರ ನಿಲ್ಲಿಸಿ, ಡಿಕ್ಕಿಯಲ್ಲಿ ಒಂದು ಜೊತೆ ಒಣ ಕಾಲುಚೀಲ, ಒಂದು ಟವೆಲ್. ಮೊದಲ ಸುತ್ತು ಮುಗಿಸಿ, ಪಾದ ಒರೆಸಿ, ಚೀಲ ಬದಲಿಸಿ ಹೊರಡೋಕೆ ಮೂರು ನಿಮಿಷ. ಆ ಮಳೆಗಾಲ ಉಳಿದ ಭಾನುವಾರಗಳಲ್ಲಿ ಬೊಬ್ಬೆ ಎದ್ದಿದ್ದು ಒಂದೇ ಸಲ, ಅವತ್ತು ನಡುವೆ ಜೋರು ಮಳೆ ಸಿಕ್ಕಿತ್ತು.

ಗುಂಪಿನ ಪಿಟಿ ಮೇಷ್ಟ್ರು ಎರಡು ಜೊತೆ ಕಾಲುಚೀಲ ಒಂದರ ಮೇಲೊಂದು ಹಾಕು ಅಂದಿದ್ದಾರೆ. ಅವರು ನನಗಿಂತ ಎಷ್ಟೋ ಮಕ್ಕಳನ್ನು ಓಡಿಸಿದವರು, ಆ ಮಾತಲ್ಲಿ ಹುರುಳಿದೆ: ಚರ್ಮದ ಬದಲು ಚೀಲಕ್ಕೆ ಚೀಲ ಜಾರುತ್ತೆ. ನನ್ನ ಶೂ ಅಷ್ಟಕ್ಕೆ ಬಿಗಿಯಾಯಿತು, ಬೆರಳು ಒತ್ತಿತು. ನಿನ್ನದರಲ್ಲಿ ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಉಳಿದರೆ ಮಾಡಿ ನೋಡು. ಮೇಷ್ಟ್ರೇ, ಎರಡೂ ತೆಳ್ಳಗೆ ಇರಬೇಕಾ, ಒಳಗಿನದು ಮಾತ್ರಾನಾ, ಸ್ವಲ್ಪ ಬಿಡಿಸಿ ಹೇಳ್ರಿ.

ಓಡುವಾಗ ಒಂದು ಜಾಗ ಬಿಸಿ ಅನ್ನಿಸಿದ ಕೂಡಲೇ ನಿಲ್ಲು. ಆ ಹೊತ್ತಿಗೆ ಚರ್ಮ ಇನ್ನೂ ಬಿರುಕು ಬಿಟ್ಟಿರೋದಿಲ್ಲ. ಒರೆಸಿ ಟೇಪ್ ಹಚ್ಚಿದರೆ ಅವತ್ತಿನ ಓಟ ಉಳಿಯುತ್ತೆ, ಇನ್ನೆರಡು ಕಿ.ಮೀ. ತಡಿತೀನಿ ಅಂದರೆ ವಾರ ಹೋಗುತ್ತೆ.

ಈಗ ಎದ್ದಿರೋ ಬೊಬ್ಬೆ ಸಣ್ಣದಿದ್ದರೆ ಮುಟ್ಟಬೇಡ. ಉಬ್ಬಿ ಹೆಜ್ಜೆ ಇಡೋಕಾಗದಿದ್ದರೆ ಮಾತ್ರ ಸೋಪಲ್ಲಿ ತೊಳೆದು, ಹೊಸ ಸ್ಟೆರೈಲ್ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಒತ್ತಿ ತೆಗೆ. ಮೇಲಿನ ಚರ್ಮ ಕೀಳಬೇಡ, ಅದೇ ಮುಚ್ಚಳ. ಸುತ್ತ ಕೆಂಪು ಹರಡಿದರೆ, ಕೀವು ಕಂಡರೆ, ಜ್ವರ ಬಂದರೆ ಡಾಕ್ಟರ್ ಹತ್ತಿರ ಹೋಗು. ಗುಂಪಿನಲ್ಲಿ ಶುಗರ್ ಇರುವವರು ಇದ್ದೀರಿ, ನೀವು ಮನೆಯಲ್ಲಿ ಸೂಜಿ ಹಿಡಿಯಲೇಬೇಡಿ.

ಹರಿಹರದ ಅಕ್ಕ, ತಮಗೂ ತೊಡೆ ಸಂದಿಯಲ್ಲಿ ಹೀಗೇ ಎರಡು ತಿಂಗಳಿಂದ ಇದೆ, ದುಂಡಗೆ ಹರಡ್ತಿದೆ, ರಾತ್ರಿ ತುರಿಕೆ ಅಂತ ಬರೆದಿದ್ದೀರಿ. ಅದು ಓಟದ ಉರಿ ಅನ್ನಿಸುತ್ತಿಲ್ಲ. ಉಜ್ಜಿದ ಗಾಯ ಓಡೋದು ನಿಲ್ಲಿಸಿದರೆ ಕೆಲವೇ ದಿನದಲ್ಲಿ ಒಣಗುತ್ತೆ. ಅಂಚು ಕೆಂಪಗೆ ಎದ್ದು, ನಡುವೆ ತಿಳಿಯಾಗಿ, ದೊಡ್ಡದಾಗುತ್ತಾ ಹೋಗೋದು ಹುಳುಕಡ್ಡಿ ಇರಬಹುದು. ಅಂಗಡಿಯವರು ಕೊಟ್ಟ ಕ್ರೀಮಿಗೆ ಕಮ್ಮಿಯಾಗಿ ಮತ್ತೆ ಬಂತು ಅಂದ್ರಲ್ಲ, ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಹಾಗೇ ಆಗೋದು: ತುರಿಕೆ ಅಡಗುತ್ತೆ, ಒಳಗೆ ಹಬ್ಬುತ್ತೆ. ದಯವಿಟ್ಟು ಚರ್ಮದ ಡಾಕ್ಟರಿಗೆ ತೋರಿಸ್ರಿ, ಆ ಟ್ಯೂಬೂ ಜೊತೆಗೆ ಒಯ್ರಿ.

ತಮ್ಮಾ, ಎಡಗಾಲಿಗೆ ಮಾತ್ರ ಯಾಕೆ ಅನ್ನೋದು ಉಳಿಯಿತು. ವಾಹನಕ್ಕೆ ಎದುರಾಗಿ ರಸ್ತೆಯ ಬಲ ಅಂಚಿನಲ್ಲಿ ಓಡ್ತೀಯಾ? ನೀರು ಹರಿಯಲಿ ಅಂತ ರಸ್ತೆ ಅಂಚಿನ ಕಡೆ ಇಳಿಜಾರಿರುತ್ತೆ, ಎಡಪಾದ ಎತ್ತರದಲ್ಲಿ ಬಿದ್ದು ಒಳಕ್ಕೆ ವಾಲುತ್ತೆ, ಭಾರ ಹೆಬ್ಬೆರಳ ಬುಡಕ್ಕೆ. ಎಡಪಾದವೇ ಸ್ವಲ್ಪ ದೊಡ್ಡದಿರಲೂಬಹುದು. ಬರೋ ಭಾನುವಾರ ಕೆರೆ ಏರಿ ಮೇಲೆ ಸಮತಟ್ಟಾದ ಕಡೆ ಅಷ್ಟೇ ದೂರ ಓಡಿ, ಎರಡೂ ಪಾದದ ಫೋಟೋ ಹಾಕು. ಅಲ್ಲೂ ಎಡಕ್ಕೇ ಎದ್ದರೆ ಆವಾಗ ಶೂ ವಿಷಯ ಮಾತಾಡೋಣ.