ಆ ಸರ್ಟಿಫಿಕೇಟ್ ಕಂಪನಿಯವರು ಒಪ್ತಾರಾ?

"ಅಕ್ಕ, ಆನ್‌ಲೈನ್ ಅಕೌಂಟಿಂಗ್ ಕೋರ್ಸ್‌ಗೆ 12,000 ರೂಪಾಯಿ ಕೇಳ್ತಿದ್ದಾರೆ. ಸರ್ಕಾರಿ ಮಾನ್ಯತೆ, ಐಎಸ್‌ಒ, ಎಂಎಸ್‌ಎಂಇ ಎಲ್ಲ ಇದೆಯಂತೆ. ಕಂಪನಿಯವರು ಒಪ್ತಾರಾ?"

ತಮ್ಮಾ, ದುಡ್ಡು ಕಟ್ಟುವುದಕ್ಕೆ ಎರಡು ದಿನ ತಡೆ.

ಎಂಎಸ್‌ಎಂಇ ಅಂದರೆ ಉದ್ಯಮ ನೋಂದಣಿ. ಮಾಲೀಕರೇ ವಿವರ ತುಂಬಿ ಪುಕ್ಕಟೆ ಮಾಡಿಕೊಳ್ಳುವಂಥದ್ದು. ರಥಬೀದಿಯ ಬೇಕರಿಗೂ ಸಿಗುತ್ತದೆ. ಐಎಸ್‌ಒ 9001 ಇದ್ದರೆ ಸಂಸ್ಥೆಯ ಕೆಲಸದ ಕ್ರಮಕ್ಕೆ ಸಿಕ್ಕಿದ್ದು, ಪಾಠಕ್ಕಲ್ಲ. ಸರ್ಟಿಫಿಕೇಟಿನ ಕ್ಯೂಆರ್ ಕೋಡ್ ಅವರದೇ ವೆಬ್‌ಸೈಟ್ ತೆರೆದರೆ, ಕೊಟ್ಟವರು ಅವರೇ ಅನ್ನುವುದಷ್ಟೇ ಗೊತ್ತಾಗುತ್ತದೆ.

ನಿಜವಾಗಿ ಕೇಳಬೇಕಾದ್ದು ಬೇರೆ. "ಸರ್ಟಿಫಿಕೇಟ್ ಕೊಡುವ ಸಂಸ್ಥೆ ಯಾವುದು? ಎನ್‌ಎಸ್‌ಕ್ಯೂಎಫ್ ಮಟ್ಟ ಎಷ್ಟು? ಕೋರ್ಸಿನ ಕೋಡ್ ಏನು?" ಎಂದು ಮೇಲ್ ಮಾಡು. ಎನ್‌ಎಸ್‌ಕ್ಯೂಎಫ್ ಅಂದರೆ ಕೌಶಲದ ಕೋರ್ಸುಗಳಿಗೆ ಕೇಂದ್ರ ಸರ್ಕಾರ ಇಟ್ಟ ಮಟ್ಟಗಳ ಚೌಕಟ್ಟು. ಉತ್ತರ ಬಂದರೆ ಆ ಕೋಡನ್ನು ನೀನೇ ಸರ್ಕಾರ ಒಪ್ಪಿದ ಕೋರ್ಸುಗಳ ಪಟ್ಟಿಯಿರುವ nqr.gov.in ನಲ್ಲಿ ಹುಡುಕು. ಅವರು ಕಳಿಸಿದ ಲಿಂಕ್ ಒತ್ತಬೇಡ. ಹೆಸರು, ಅವಧಿ, ಕೊಡುವ ಸಂಸ್ಥೆ ಮೂರೂ ತಾಳೆಯಾಗಬೇಕು. "ನಾಳೆ ಆಫರ್ ಮುಗಿಯುತ್ತೆ" ಅಂತ ಮಾತು ತಿರುಗಿಸಿದರೆ ಬಿಟ್ಟುಬಿಡು.

ಅಲ್ಲಿ ಸಿಕ್ಕಿದರೂ ಕಂಪನಿ ಕೆಲಸ ಕೊಡಲೇಬೇಕು ಅಂತೇನಿಲ್ಲ. ಮಂಗಳೂರು, ಮಣಿಪಾಲದ ಅಕೌಂಟೆಂಟ್ ಜಾಹೀರಾತು ಹತ್ತು ತೆಗೆದು ಓದು. ಈ ಸರ್ಟಿಫಿಕೇಟಿನ ಹೆಸರು ಒಂದರಲ್ಲಾದರೂ ಇದೆಯಾ? ನನ್ನ ಇಂಟರ್‌ವ್ಯೂನಲ್ಲಿ ನನ್ನ ಸರ್ಟಿಫಿಕೇಟನ್ನು ಮಡಚಿ ಪಕ್ಕಕ್ಕಿಟ್ಟು, ಲ್ಯಾಪ್‌ಟಾಪ್ ನನ್ನತ್ತ ತಿರುಗಿಸಿದರು. ಒಂದು ಖರೀದಿ ಬಿಲ್ ಕೊಟ್ಟು, ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಸೇರಿಸಿ ಟ್ಯಾಲಿಯಲ್ಲಿ ಹಾಕಿ ಎಂದರು. ನನಗೆ ಬರಲಿಲ್ಲ. ನಾನು ಮಾಡಿದ ಕೋರ್ಸಿನಲ್ಲಿ ಬರೀ ವಿಡಿಯೋ ಇತ್ತು, ಒಂದು ಬಿಲ್ಲನ್ನೂ ಕೈಯಿಂದ ಮಾಡಿಸಿರಲಿಲ್ಲ.

ಅವರ ಉತ್ತರ ಬಂದ ಕೂಡಲೇ ನನಗೆ ಕಳಿಸು, ಭಾನುವಾರ ಒಟ್ಟಿಗೆ ಕೂತು ನೋಡೋಣ.