ಅಂಟಿಸಿ ಬರೆದ ಮಾತ್ರಕ್ಕೆ ಪ್ರತ್ಯಯ ಆಗಲ್ಲ

‘ಸಂಪಾದಕರೇ, ವಿಭಕ್ತಿ ಪ್ರತ್ಯಯ ಮತ್ತು ‘ಒಳಗೆ’, ‘ಮೇಲೆ’ಯಂಥ ಪರಸರ್ಗಗಳ ಬಗ್ಗೆ ಒಂದು ಲೇಖನ ಕಳಿಸುತ್ತಿದ್ದೇನೆ. ಪದಕ್ಕೆ ಅಂಟಿಕೊಂಡು ಬಂದರೆ ಪ್ರತ್ಯಯ, ಜಾಗ ಬಿಟ್ಟು ಬಂದರೆ ಪರಸರ್ಗ ಅಂತ ಸುಲಭದ ಸೂತ್ರ ಕೊಟ್ಟಿದ್ದೇನೆ. ಪ್ರಕಟಿಸುವಿರಾ?’

ನಮಸ್ಕಾರ. ಈಗಿರುವ ಹಾಗೆ ಆಗುವುದಿಲ್ಲ. ಬರವಣಿಗೆ ಸಲೀಸಾಗಿದೆ, ಆದರೆ ಸೂತ್ರವೇ ತಪ್ಪು. ಎರಡನೇ ಪುಟದಲ್ಲಿ ‘ಪೆಟ್ಟಿಗೆಯ ಒಳಗೆ’ ಅಂತ ಬರೆದಿದ್ದೀರಿ, ನಾಲ್ಕನೇ ಪುಟದಲ್ಲಿ ‘ಪೆಟ್ಟಿಗೆಯೊಳಗೆ’. ಎರಡೂ ಒಂದೇ ಅಲ್ವಾ? ನಡುವಿನ ‘ಅ’ ಬಿದ್ದುಹೋಗಿ ಲೋಪಸಂಧಿ ಆಗಿದೆ, ಅಷ್ಟೆ. ನಿಮ್ಮ ಸೂತ್ರ ನಂಬಿದರೆ ಮೊದಲನೆಯದು ಪರಸರ್ಗ, ಎರಡನೆಯದು ಪ್ರತ್ಯಯ!

ಜಾಗ ಬಿಟ್ಟಿದ್ದಾರಾ ಅಂತ ನೋಡಬೇಡಿ. ವಿಭಕ್ತಿ ತೊಟ್ಟ ಪದದ ಬೆನ್ನಿಗೆ ಬರುವ ಬೇರೆ ಪದ ಪರಸರ್ಗ. ವಾಕ್ಯವನ್ನು ಸ್ವಲ್ಪ ಅಲ್ಲಾಡಿಸಿ ನೋಡಿ. ‘ಬೆಕ್ಕು ಪೆಟ್ಟಿಗೆಯೊಳಗಿದೆ’ ಎಂಬಲ್ಲಿ ಪೆಟ್ಟಿಗೆಯನ್ನು ತೆಗೆಯಿರಿ. ‘ಬೆಕ್ಕು ಒಳಗಿದೆ’ ಉಳಿಯುತ್ತದೆ, ಅರ್ಥವೂ ಉಳಿಯುತ್ತದೆ. ‘ಪೆಟ್ಟಿಗೆಯ ತೀರಾ ಒಳಗೆ’ ಅಂತ ನಡುವೆ ಒಂದು ಪದ ತೂರಿಸಲೂ ಬರುತ್ತದೆ. ಹಾಗಾಗಿ ‘ಒಳಗೆ’ ಪರಸರ್ಗ.

ಈಗ ‘ಪೆಟ್ಟಿಗೆಯಲ್ಲಿದೆ’. ಇಲ್ಲೇ ಜಾಸ್ತಿ ಜನ ಎಡವುವುದು. ಪೆಟ್ಟಿಗೆ ತೆಗೆದರೆ ‘ಬೆಕ್ಕು ಅಲ್ಲಿದೆ’ ಅಂತ ಸರಿಯಾಗಿಯೇ ಕೇಳಿಸುತ್ತದೆ. ಆದರೆ ಅದು ಬೆರಳು ತೋರಿಸಿ ಹೇಳುವ ‘ಅಲ್ಲಿ’, ‘ಇಲ್ಲಿ’ಯ ಜೋಡಿ. ಪೆಟ್ಟಿಗೆ ನಿಮ್ಮ ಕೈಯಲ್ಲೇ ಇದ್ದರೂ ‘ಪೆಟ್ಟಿಗೆಯಲ್ಲಿದೆ’ ಅನ್ನುತ್ತೀರಿ, ‘ಪೆಟ್ಟಿಗೆಯಿಲ್ಲಿದೆ’ ಅನ್ನುವುದಿಲ್ಲ. ‘ಪೆಟ್ಟಿಗೆಯ ತೀರಾ ಅಲ್ಲಿ’ ಅಂತೂ ಆಗುವುದೇ ಇಲ್ಲ. ಹಾಗಾಗಿ ‘ಪೆಟ್ಟಿಗೆಯಲ್ಲಿ’ಯ ‘ಅಲ್ಲಿ’ ಸಪ್ತಮಿಯ ಪ್ರತ್ಯಯ.

‘ಬಗ್ಗೆ’ ಮಾತ್ರ ಈ ಪರೀಕ್ಷೆಗೆ ಬಗ್ಗುವುದಿಲ್ಲ. ‘ಅವನ ಬಗ್ಗೆ ಹೇಳಿದಳು’ ಸರಿ, ಸುಮ್ನೆ ‘ಬಗ್ಗೆ ಹೇಳಿದಳು’ ಅಂದರೆ ಯಾರಿಗೂ ಏನೂ ತಿಳಿಯದು. ಅಂಥ ಕಡೆ ಹಿಂದಿನ ಪದ ನೋಡಿ. ‘ಅವನ’ ಆಗಲೇ ಷಷ್ಠಿ ತೊಟ್ಟು ನಿಂತಿದೆ, ‘ಬಗ್ಗೆ’ ಅದರ ಬೆನ್ನಿಗೆ ಬಂದಿದೆ, ಹಾಗಾಗಿ ಅದೂ ಪರಸರ್ಗ. ನೀವು ಚತುರ್ಥಿಯ ಪಟ್ಟಿಗೆ ಸೇರಿಸಿದ ‘ಅವನಿಗೋಸ್ಕರ’ವನ್ನೂ ಹೀಗೇ ಬಿಡಿಸಿ: ಅವನಿಗೆ + ಓಸ್ಕರ. ಚತುರ್ಥಿ ‘ಗೆ’ಯಲ್ಲೇ ಮುಗಿಯಿತು. ‘ಓಸ್ಕರ’ ಯಾವಾಗಲೂ ಅಂಟಿಕೊಂಡೇ ಬರುತ್ತದೆ, ಆದರೂ ಪ್ರತ್ಯಯವಲ್ಲ.

‘ಮರದಲ್ಲಿ’ ಅನ್ನುವಾಗಲೂ ಹಿಂದೆ ‘ಮರದ’ ಇದೆಯಲ್ಲ ಅಂತ ನೀವು ಕೇಳಬಹುದು. ಅಲ್ಲಿನ ‘ದ’ಕಾರ ಆಗಮ, ಅದರಿಂದ ಷಷ್ಠಿಯ ಅರ್ಥವೇನೂ ಬರುವುದಿಲ್ಲ. ಅನುಮಾನ ಬಂದರೆ ನಡುವೆ ಪದ ತೂರಿಸಿ. ‘ಮರದ ಸ್ವಲ್ಪ ಮೇಲೆ’ ಆಗುತ್ತದೆ, ‘ಮರದ ಸ್ವಲ್ಪ ಅಲ್ಲಿ’ ಆಗುವುದಿಲ್ಲ.

ಇನ್ನು ಪಂಚಮಿ. ಶಾಲೆಯ ಪಟ್ಟಿಯ ‘ದೆಸೆಯಿಂದ’ವನ್ನು ಹಾಗೇ ಇಳಿಸಿದ್ದೀರಿ. ‘ಮಳೆಯ ದೆಸೆಯಿಂದ’ ಬಿಡಿಸಿದರೆ ‘ಮಳೆಯ’ ಷಷ್ಠಿ, ‘ದೆಸೆ’ ಒಂದು ಪೂರ್ತಿ ನಾಮಪದ, ‘ಇಂದ’ ಅದಕ್ಕೆ ಹತ್ತಿದ ಪ್ರತ್ಯಯ. ಎಲೆ ಬೀಳುವುದು ಮರದಿಂದ, ಮರದ ದೆಸೆಯಿಂದ ಅಲ್ಲ. ಆ ಸಾಲನ್ನು ಪಟ್ಟಿಯಿಂದ ತೆಗೆದು, ಅದಕ್ಕೇ ಒಂದು ಪ್ಯಾರಾ ಬರೆದು ಕಳಿಸಿ.